ಫೋಟೋದ ಮುಖ, ಮೇ ತಿಂಗಳ ಮುಖ

ಡಾಕ್ಟರಮ್ಮ, ನಾನು ಅಂಕೋಲಾ ತಾಲೂಕಿನವಳು, 26 ವರ್ಷ. ಶಾರ್ಜಾದ ಒಂದು ಅಂಗಡಿಯಲ್ಲಿ ಕೆಲಸ. ಬಂದ ಹೊಸದರಲ್ಲಿ ಸೂಪರ್‌ವೈಸರ್ ನನ್ನನ್ನು ಹಿಂದಿನ ಸ್ಟೋರ್‌ಗೆ ಹಾಕಿದರು. ‘ಕೌಂಟರಿಗೆ ಸ್ವಲ್ಪ ಲಕ್ಷಣದ ಮುಖ ಬೇಕು’ ಅಂದರು. ಬಿಂದಿ ತೆಗಿ, ತಲೆಗೆ ಎಣ್ಣೆ ಹಾಕಬೇಡ ಅಂದರು. ರೂಮಿನ ಗೆಳತಿ ತಾನು ಹಚ್ಚುವ ಕ್ರೀಮ್ ಕೊಟ್ಟಳು. ಹದಿನೈದು ದಿನಕ್ಕೆ ಬೆಳ್ಳಗಾದೆ. ಕೌಂಟರಿಗೂ ಬಂದೆ. ಈಗ ಎಂಟು ತಿಂಗಳಾಯಿತು. ಒಂದು ರಾತ್ರಿ ಹಚ್ಚದಿದ್ದರೆ ಮುಖ ಕೆಂಪಾಗಿ ಉರಿಯುತ್ತದೆ. ಈ ಮುಖದ ಫೋಟೋ ನೋಡಿಯೇ ಶಿರಸಿಯ ಒಂದು ಮನೆಯವರು ಇಷ್ಟಪಟ್ಟಿದ್ದಾರೆ. ಮೇ ತಿಂಗಳಲ್ಲಿ ನೋಡಲು ಬರುತ್ತಾರೆ. ಅಲ್ಲಿಯವರೆಗೆ ಹಚ್ಚುತ್ತಾ ಇರಲೇ? ಬಿಟ್ಟರೆ ಕೌಂಟರೂ ಹೋಗುತ್ತದೆ, ಸಂಬಂಧವೂ ಹೋಗುತ್ತದೆ.

ತಂಗಿ, ನನ್ನ ಮಗಳ ವಯಸ್ಸಿನವಳು ನೀನು. ಏಕವಚನದಲ್ಲೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಮೇ ತಿಂಗಳವರೆಗೆ ಹಚ್ಚುತ್ತಾ ಇರಬೇಡ. ಕೆಲಸದ ಮಾತು, ಮದುವೆಯ ಮಾತು ಆಮೇಲೆ ಆಡೋಣ. ಮೊದಲು ಆ ಡಬ್ಬಿಯ ಮಾತು.

ಹದಿನೈದೇ ದಿನಕ್ಕೆ ಬಣ್ಣ ಬದಲಿಸುವ ಕ್ರೀಮಿನಲ್ಲಿ ನಾವು ಚರ್ಮದ ವೈದ್ಯರು ಮೊದಲು ಅನುಮಾನಿಸುವುದು ಎರಡನ್ನು. ಒಂದು ಸ್ಟೀರಾಯ್ಡ್, ಇನ್ನೊಂದು ಪಾದರಸ. ಕೆಲವು ಡಬ್ಬಿಯಲ್ಲಿ ಎರಡೂ ಇರುತ್ತವೆ. ಸ್ಟೀರಾಯ್ಡ್ ಹಚ್ಚಿದಾಗ ಚರ್ಮದ ಸಣ್ಣ ರಕ್ತನಾಳಗಳು ಕುಗ್ಗುತ್ತವೆ, ಬಣ್ಣ ಮಾಡುವ ಜೀವಕೋಶಗಳ ಕೆಲಸವೂ ಮಂದವಾಗುತ್ತದೆ. ಮುಖ ಬೆಳ್ಳಗೆ, ನುಣ್ಣಗೆ ಕಾಣುತ್ತದೆ. ಬಿಟ್ಟ ತಕ್ಷಣ ಕುಗ್ಗಿದ್ದ ನಾಳಗಳು ಮೊದಲಿಗಿಂತ ಜಾಸ್ತಿ ಹಿಗ್ಗುತ್ತವೆ. ಕೆಂಪು, ಉರಿ, ಬಿಸಿಲಿಗೆ ಚುರುಚುರು. ಹೆದರಿ ಮತ್ತೆ ಹಚ್ಚಿದರೆ ಬೇಗನೆ ಹಾಯೆನಿಸುತ್ತದೆ. ಆಗ ಕ್ರೀಮೇ ಔಷಧಿ, ಅದು ಇಲ್ಲದ್ದೇ ಕಾಯಿಲೆ ಅಂತ ಅನ್ನಿಸಲು ಶುರುವಾಗುತ್ತದೆ. ನಿನಗೆ ಆಗಿರುವುದು ಬಹುಶಃ ಇದೇ.

ಕುಮಟಾದ ನನ್ನ ಕ್ಲಿನಿಕ್ಕಿಗೆ ರಜೆಯಲ್ಲಿ ಬರುವ ಗಲ್ಫಿನವರಲ್ಲಿ ಇದನ್ನು ತುಂಬಾ ನೋಡಿದ್ದೇನೆ. ಹೆಂಗಸರೇ ಅಂತಲ್ಲ. ಹೊನ್ನಾವರ ಕಡೆಯ ಒಬ್ಬ ಹುಡುಗ ದೋಹಾದಲ್ಲಿ ಹೋಟೆಲಿನಲ್ಲಿದ್ದ. ಜೊತೆಯವರು ‘ಕಾಲಾ’ ಅಂತಲೇ ಕರೆಯುತ್ತಿದ್ದರಂತೆ. ಊರಿನ ಮೆಡಿಕಲ್ ಅಂಗಡಿಯಿಂದ ಚೀಟಿ ಇಲ್ಲದೆ ಟ್ಯೂಬ್ ತರಿಸಿಕೊಂಡು ಐದು ತಿಂಗಳು ಹಚ್ಚಿದ. ಅದು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲದ ಸ್ಟೀರಾಯ್ಡ್ ಮುಲಾಮು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಚೀಟಿಯ ಪಟ್ಟಿಗೆ ಸೇರಿಸಿತು. ಆದರೂ ಚೀಟಿ ಇಲ್ಲದ ಮಾರಾಟ ನಿಂತಿಲ್ಲ. ನನ್ನ ಹತ್ತಿರ ಬಂದಾಗ ಅವನ ಕೆನ್ನೆಯ ಮೇಲೆ ಕೆಂಪು ಗೆರೆಗಳು ಬಲೆಯ ಹಾಗೆ ಕಾಣುತ್ತಿದ್ದವು. ಗಲ್ಲದ ತುಂಬ ಮೊಡವೆ. ಒಲೆಯ ಮುಂದೆ ನಿಂತರೆ ಕಣ್ಣಲ್ಲಿ ನೀರು ಬರುವಷ್ಟು ಉರಿ.

ಅವನಿಗೆ ಒಮ್ಮೆಲೇ ಬಿಡಿಸಲಿಲ್ಲ. ತೀರಾ ಮೃದುವಾದ ಸ್ಟೀರಾಯ್ಡ್ ಕೊಟ್ಟು, ಅದನ್ನೂ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆ ಎರಡು ಸಲ ಮಾಡಿ, ಆರು ವಾರದಲ್ಲಿ ನಿಲ್ಲಿಸಿದೆವು. ಜೊತೆಗೆ ವಾಸನೆ ಇಲ್ಲದ ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಉರಿಗೆ ತಣ್ಣೀರಿನ ಬಟ್ಟೆ. ಮುಖಕ್ಕೆ ಬೇರೇನೂ ಇಲ್ಲ. ಮೂರನೇ ವಾರ ಅವನು ಫೋನ್ ಮಾಡಿ ಅತ್ತ. ಆಗ ಉರಿ ಹೆಚ್ಚಾಗಿತ್ತು. ಅದು ಆಗುತ್ತದೆ ಅಂತ ಮೊದಲೇ ಹೇಳಿದ್ದರಿಂದ ತಡೆದುಕೊಂಡ. ನಾಲ್ಕು ತಿಂಗಳಿಗೆ ಉರಿ ಹೋಯಿತು. ಕೆಂಪು ಗೆರೆಗಳು ಪೂರ್ತಿ ಹೋಗಲಿಲ್ಲ.

ಇಲ್ಲಿ ನಿನ್ನ ವಿಷಯ ಸ್ವಲ್ಪ ಬೇರೆ. ಅವನ ಟ್ಯೂಬಿನ ಮೇಲೆ ಏನಿದೆ ಅಂತ ಬರೆದಿತ್ತು. ನಿನ್ನ ಡಬ್ಬಿಯಲ್ಲಿ ಏನಿದೆ ಅಂತ ನಿನಗೇ ಗೊತ್ತಿಲ್ಲ. ಆದ್ದರಿಂದ ಇವತ್ತೇ ಅದನ್ನು ತಿರುಗಿಸಿ ನೋಡು. ತಯಾರಿಸಿದವರ ವಿಳಾಸ, ಬ್ಯಾಚ್ ನಂಬರ್, ಒಳಗಿನ ವಸ್ತುಗಳ ಪಟ್ಟಿ ಇದೆಯಾ? ಪಟ್ಟಿಯಲ್ಲಿ ಮರ್ಕ್ಯುರಿ, ಮರ್ಕ್ಯುರಸ್, ಕ್ಯಾಲೊಮೆಲ್ ಎಂಬ ಪದ ಇದ್ದರೆ ಅದು ಪಾದರಸ. ಪಟ್ಟಿಯೇ ಇಲ್ಲದಿದ್ದರೆ ಇನ್ನೊಂದು ಗುರುತಿದೆ. ಚಿನ್ನ, ಬೆಳ್ಳಿ, ಅಲ್ಯೂಮಿನಿಯಂಗೆ ತಾಗಿಸಬೇಡಿ ಎಂಬ ಎಚ್ಚರಿಕೆ. ಪಾದರಸ ಚಿನ್ನಕ್ಕೆ ಅಂಟಿ ಅದನ್ನು ಬಿಳಿಚಿಸುತ್ತದೆ, ಅದಕ್ಕೇ ಆ ಮಾತು. ನಿನ್ನ ಉಂಗುರ ಎಲ್ಲಾದರೂ ಬಿಳಿಚಿದೆಯಾ ನೋಡು. ಬೆಳಕಿಗೆ ಇಟ್ಟಾಗ ಕ್ರೀಮು ಬೂದು ಬಣ್ಣಕ್ಕೆ ತಿರುಗಿದರೂ ಅನುಮಾನ ಪಡಬೇಕು. ಇವು ಯಾವುವೂ ಇಲ್ಲದಿದ್ದರೂ ಪಾದರಸ ಇಲ್ಲ ಅಂತ ಹೇಳಲಾಗುವುದಿಲ್ಲ. ಲ್ಯಾಬ್ ಪರೀಕ್ಷೆಯೇ ಖಾತ್ರಿ.

ಪಾದರಸ ಚರ್ಮದಲ್ಲೇ ನಿಲ್ಲುವುದಿಲ್ಲ, ರಕ್ತಕ್ಕೆ ಇಳಿದು ಮೂತ್ರಪಿಂಡಕ್ಕೆ ಹೋಗುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2021ರಿಂದ 2023ರ ನಡುವೆ ವೈದ್ಯರು ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯ 22 ಜನರನ್ನು ಪರೀಕ್ಷಿಸಿದರು. ಅವರಲ್ಲಿ 13 ಜನ ಬಿಳಿಯಾಗುವ ಕ್ರೀಮ್ ಹಚ್ಚುತ್ತಿದ್ದರು. ಅಲ್ಲಿಂದ ಗಲ್ಫಿಗೆ ಹೋಗಿ ಬರುವವರು ನಮ್ಮ ಭಟ್ಕಳ, ಹೊನ್ನಾವರದ ಹಾಗೆಯೇ ಬಹಳ ಜನ. ಸಮಾಧಾನದ ವಿಷಯ ಏನೆಂದರೆ ಕ್ರೀಮ್ ಬಿಟ್ಟ ಮೇಲೆ ಹೆಚ್ಚಿನವರು ಸುಧಾರಿಸಿಕೊಂಡರು.

ಹಾಗಾಗಿ ಪಾದರಸದ ಅನುಮಾನ ಬಂದರೆ ಮೆಲ್ಲಗೆ ಬಿಡುವ ಮಾತಿಲ್ಲ, ಅದೇ ದಿನ ನಿಲ್ಲಿಸು. ಉರಿಗೆ ವೈದ್ಯರು ಬೇರೆ ಔಷಧಿ ಕೊಡುತ್ತಾರೆ. ಡಬ್ಬಿ ಎಸೆಯಬೇಡ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಈ ವಾರವೇ ಅಲ್ಲಿನ ಚರ್ಮದ ವೈದ್ಯರ ಹತ್ತಿರ ಒಯ್ಯಿ. ಮೂತ್ರದಲ್ಲಿ ಪ್ರೋಟೀನ್ ಇದೆಯಾ, ಪಾದರಸ ಎಷ್ಟಿದೆ ಎಂಬ ಎರಡು ಪರೀಕ್ಷೆ ಕೇಳು. ಮೂತ್ರ ನೊರೆ ನೊರೆಯಾಗಿ ಹೋಗುತ್ತಿದ್ದರೆ, ಪಾದ ಅಥವಾ ಕಣ್ಣಿನ ಸುತ್ತ ಊದಿದ್ದರೆ ವಾರ ಕಾಯಬೇಡ, ನಾಳೆಯೇ ಹೋಗು. ಖರ್ಚಿನ ಚಿಂತೆ ಇರುತ್ತದೆ, ಗೊತ್ತು. 2025ರ ಜನವರಿಯಿಂದ ಶಾರ್ಜಾದಲ್ಲೂ ಖಾಸಗಿ ನೌಕರರ ವೀಸಾ ಮಾಡಿಸುವಾಗ, ನವೀಕರಿಸುವಾಗ ಮಾಲೀಕರೇ ಆರೋಗ್ಯ ವಿಮೆ ಮಾಡಿಸಬೇಕೆಂದು ನಿಯಮ ಬಂದಿದೆ. ನಿನ್ನ ಕಾರ್ಡ್ ಎಲ್ಲಿದೆ ಕೇಳು.

ಇನ್ನು ಬಣ್ಣ. ತೋಳಿನ ಒಳಭಾಗ, ಕಂಕುಳಿನ ಹತ್ತಿರ, ಬಿಸಿಲು ಬೀಳದ ಜಾಗ ನೋಡಿಕೋ. ಅದು ನಿನ್ನ ಹುಟ್ಟಿನ ಬಣ್ಣ. ಬಿಸಿಲಿಗೆ ಕಂದಿದ ಮುಖ ಆ ಬಣ್ಣದ ಹತ್ತಿರಕ್ಕೆ ಬರಬಹುದು. ಅದಕ್ಕಿಂತ ಬೆಳ್ಳಗೆ ಮಾಡುತ್ತೇನೆ ಅನ್ನುವ ಯಾವ ಕ್ರೀಮೂ ನಿನಗೆ ಒಳ್ಳೆಯದು ಮಾಡುವುದಿಲ್ಲ.

ಕೌಂಟರಿನ ಮಾತಿಗೆ ಬರೋಣ. ಬಿಂದಿ, ಎಣ್ಣೆ, ಮುಖದ ಬಣ್ಣ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾರೆ. ನೀನು ಬೇರೆ ಬೇರೆ ಮಾಡಿ ನೋಡಬೇಕು. ಯೂನಿಫಾರ್ಮ್ ಹಾಕಿ, ಕೂದಲು ಕಟ್ಟಿ, ಎಣ್ಣೆ ಬೇಡ ಅನ್ನುವುದು ಎಲ್ಲರಿಗೂ ಇರುವ ನಿಯಮವಾದರೆ ಪಾಲಿಸು. ಅದರಲ್ಲಿ ಸೋಲೇನೂ ಇಲ್ಲ. ರಾತ್ರಿ ಎಣ್ಣೆ ಹಚ್ಚಿ ಬೆಳಿಗ್ಗೆ ತೊಳೆದರಾಯಿತು. ರಜೆಯ ದಿನ ಬಿಂದಿ ಇಟ್ಟು ಹೊರಗೆ ಹೋಗು. ಬಟ್ಟೆ, ಬಿಂದಿ ಬಾಗಿಲಲ್ಲಿ ತೆಗೆದಿಟ್ಟು ವಾಪಸ್ ಬಂದು ಹಾಕಿಕೊಳ್ಳಬಹುದು. ಚರ್ಮ ಹಾಗಲ್ಲ. ನಿಯಮ ನಿನಗೊಬ್ಬಳಿಗೇ ಇದ್ದರೆ ಮಾತ್ರ ಕೇಳು: ‘ಇದು ಎಲ್ಲರಿಗೂ ಇದೆಯಾ? ಬರೆದು ಕೊಡ್ತೀರಾ?’

ಬಣ್ಣ ನೋಡಿ ಕೆಲಸ ಕೊಡುವುದಕ್ಕೆ ಅಲ್ಲಿನ ಕಾನೂನಿನಲ್ಲೂ ಒಪ್ಪಿಗೆ ಇಲ್ಲ. 2021ರ 33ನೇ ನಂಬರಿನ ಕಾರ್ಮಿಕ ಕಾನೂನಿನ 4ನೇ ವಿಧಿ ಜನಾಂಗ, ಬಣ್ಣ, ಲಿಂಗ, ಧರ್ಮದ ಮೇಲೆ ನೌಕರರಲ್ಲಿ ಭೇದ ಮಾಡಬಾರದು ಅನ್ನುತ್ತದೆ. ಆದರೆ ನಿನ್ನ ವೀಸಾ ಅದೇ ಮಾಲೀಕನ ಕೈಯಲ್ಲಿದೆ. ಇವತ್ತೇ ದೂರು ಕೊಡು ಅಂತ ಇಲ್ಲಿ ಕೂತು ನಾನು ಹೇಳಲಾರೆ. ಒಂದು ಪುಸ್ತಕದಲ್ಲಿ ಬರೆದಿಡು ಅಂತ ಹೇಳುತ್ತೇನೆ. ತಾರೀಕು, ಹೇಳಿದ ಮಾತು ಹಾಗೆ ಹಾಗೆಯೇ, ಅಲ್ಲಿ ಯಾರಿದ್ದರು. ವಾಟ್ಸಾಪ್ ಸಂದೇಶ ಅಳಿಸಬೇಡ. ಕ್ರೀಮ್ ಬಿಟ್ಟ ಮೇಲೆ ಮತ್ತೆ ಸ್ಟೋರ್‌ಗೆ ಹಾಕಿದರೆ, ಸಂಬಳ ಕಡಿಮೆ ಮಾಡಿದರೆ, ಆಗ ಆ ಪುಸ್ತಕ ಹಿಡಿದು ಕಾರ್ಮಿಕ ಸಚಿವಾಲಯಕ್ಕೆ ಹೋಗಬಹುದು. ದುಬೈನ ನಮ್ಮ ದೂತಾವಾಸದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದಲ್ಲೂ ಸಲಹೆ ಸಿಗುತ್ತದೆ.

ನನಗೆ ಯಾವಾಗಲೂ ನೋವಾಗುವ ವಿಷಯ ಒಂದಿದೆ. ನನ್ನ ಹತ್ತಿರ ಬಂದವರಲ್ಲಿ ಬಹಳ ಜನರಿಗೆ ಅಲ್ಲಿ ಈ ಮಾತು ಹೇಳಿದ್ದು ನಮ್ಮ ದೇಶದವರೇ. ‘ಹುಡುಗಿ ಒಳ್ಳೆಯವಳು, ಬಣ್ಣ ಮಾತ್ರ ಸ್ವಲ್ಪ ಕಮ್ಮಿ’ ಅನ್ನುವ ಮಾತು ವಿಮಾನ ಹತ್ತುವುದಕ್ಕೆ ಮೊದಲೇ ನಮ್ಮ ಜೊತೆ ಇರುತ್ತದೆ. ಚಿಕ್ಕವಳಿದ್ದಾಗ ನನಗೂ ಕಡಲೆಹಿಟ್ಟು ಹಚ್ಚಿ ತಿಕ್ಕುತ್ತಿದ್ದರು. ನೀನು ಶಾರ್ಜಾದಲ್ಲಿ ಅಷ್ಟು ಬೇಗ ಆ ಡಬ್ಬಿಗೆ ಕೈ ಚಾಚಿದ್ದರಲ್ಲಿ ನಿನ್ನ ತಪ್ಪು ಕಡಿಮೆ.

ಶಿರಸಿಯವರಿಗೆ ಏನು ಹೇಳುವುದು? ಮೊದಲು ಅಮ್ಮನಿಗೆ ಹೇಳು. ಫೋಟೋ ನೋಡಿ ‘ಬಣ್ಣ ಬಂತಲ್ಲೇ ಮಗಾ’ ಅಂತ ಖುಷಿಪಟ್ಟಿರುತ್ತಾರೆ, ಅದಕ್ಕೇ ಹೇಳುವುದು ಕಷ್ಟ. ಕ್ರೀಮಿನಿಂದ ಮುಖ ಕೆಟ್ಟಿದೆ, ವೈದ್ಯರು ಬಿಡಿಸಿದ್ದಾರೆ ಅಂತ ಇದ್ದದ್ದನ್ನೇ ಹೇಳು. ಮೇ ತಿಂಗಳಿಗೆ ಉರಿ ತಗ್ಗಿರಬಹುದು, ಬಣ್ಣ ಮಾತ್ರ ನಿನ್ನದೇ ಬಣ್ಣವಾಗಿರುತ್ತದೆ, ಅಲ್ಲಲ್ಲಿ ಕಲೆಯೂ ಇರಬಹುದು. ಅವರು ಬಂದು ಜಗಲಿಯಲ್ಲಿ ಕೂತ ಮೇಲೆ ಗೊತ್ತಾಗುವುದು ಬೇಡ. ಏಪ್ರಿಲ್‌ನಲ್ಲಿ ಕಿಟಕಿಯ ಬೆಳಕಿನಲ್ಲಿ, ಫಿಲ್ಟರ್ ಇಲ್ಲದೆ ಒಂದು ಫೋಟೋ ತೆಗೆದು ಹುಡುಗನಿಗೇ ಕಳಿಸು. ‘ಮೊದಲಿನದು ಕ್ರೀಮ್ ಹಚ್ಚಿದ ಮುಖ, ಇದು ನನ್ನದು’ ಅಂತ ಎರಡು ಸಾಲು ಬರೆ. ಅವರು ಬೇಡ ಅನ್ನಬಹುದು. ಹಾಗಂದರೆ ನಿನಗೆ ನೋವಾಗುತ್ತದೆ, ನೋವಾಗುವುದಿಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಆದರೆ ಮದುವೆಯಾದ ಮೇಲೂ ಗಂಡನ ಮನೆಯಲ್ಲಿ ಆ ಡಬ್ಬಿ ಬಚ್ಚಿಟ್ಟುಕೊಂಡು ಹಚ್ಚುವ ಒಬ್ಬಳನ್ನು ನಾನು ನೋಡಿದ್ದೇನೆ. ಬಸುರಿಯಾಗಿದ್ದಾಗಲೂ ಬಿಟ್ಟಿರಲಿಲ್ಲ. ಪಾದರಸ ಹೊಟ್ಟೆಯಲ್ಲಿರುವ ಮಗುವಿಗೂ ತಲುಪುತ್ತದೆ.

ಊರಿಗೆ ಬಂದಾಗ ಅಲ್ಲಿನ ರಿಪೋರ್ಟ್ ಜೊತೆಗೆ ತಾ. ಕುಮಟಾಕ್ಕೆ ಬರಲಾಗದಿದ್ದರೆ ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಚರ್ಮದ ವಿಭಾಗವಿದೆ, ಅಲ್ಲಿ ತೋರಿಸು. ಮತ್ತೆ, ರೂಮಿನ ಗೆಳತಿಯನ್ನು ಬಿಡಬೇಡ. ಅವಳು ನಿನಗಿಂತ ಮೊದಲಿನಿಂದ ಹಚ್ಚುತ್ತಿದ್ದಾಳೆ. ಅವಳನ್ನೂ ಕರೆದುಕೊಂಡು ಹೋಗಿ ಮೂತ್ರ ಪರೀಕ್ಷೆ ಮಾಡಿಸು. ಇಬ್ಬರೂ ದಿಂಬಿನ ಕವರ್, ಮುಖ ಒರೆಸುವ ಟವಲ್ ಬೇರೆ ಮಾಡಿ ತೊಳೆಯಿರಿ. ಪಾದರಸ ಅದರಲ್ಲೂ ಉಳಿದಿರುತ್ತದೆ.