ಸಂಪಾದಕರ ಉತ್ತರ: ಕಡಲ ನೀರು ಬಂದಿದ್ದೆಲ್ಲಿಂದ?

"ಸಮುದ್ರದ ನೀರು ಧೂಮಕೇತುಗಳಿಂದ ಬಂತು ಅಂತ ನಾನು ಓದಿದ್ದೆ. ಮಗಳ ಪುಸ್ತಕದಲ್ಲಿ ಕ್ಷುದ್ರಗ್ರಹ ಅಂತಿದೆ. ಈಗ ನೋಡಿದರೆ ಭೂಮಿಯ ಕಲ್ಲಿನಲ್ಲೇ ಇತ್ತಂತೆ. ಯಾವುದನ್ನು ನಂಬೋದು ಸಾರ್?"
– ಓದುಗರೊಬ್ಬರು, ಶಿವಮೊಗ್ಗ

ಸದ್ಯಕ್ಕೆ ಕಲ್ಲಿನ ವಾದವೇ ಜಾಸ್ತಿ ಗಟ್ಟಿ ಎಂದು ನನಗೆ ಅನಿಸುತ್ತದೆ.

ನೀರಿನ ಮೂಲ ಹುಡುಕುವವರು ಮೊದಲು ನೋಡುವುದು ಅದರಲ್ಲಿರುವ ಡ್ಯುಟೀರಿಯಂ ಅನ್ನು. ಇದೂ ಹೈಡ್ರೋಜನ್ನೇ, ಆದರೆ ತೂಕ ಎರಡರಷ್ಟು. ನಮ್ಮ ಕಡಲ ನೀರಿನಲ್ಲಿ 10 ಲಕ್ಷ ಹೈಡ್ರೋಜನ್ ಪರಮಾಣುಗಳಿಗೆ ಇಂಥವು ಸುಮಾರು 156. ಹ್ಯಾಲಿ ಧೂಮಕೇತುವಿನಲ್ಲಿ ಇದರ ಹೆಚ್ಚುಕಡಿಮೆ ದುಪ್ಪಟ್ಟು ಸಿಕ್ಕಿತು. 2014ರಲ್ಲಿ ರೊಸೆಟ್ಟಾ ನೌಕೆ 67ಪಿ ಧೂಮಕೇತುವಿನ ಹತ್ತಿರ ಹೋಗಿ ಅಳೆದಾಗ ಸಿಕ್ಕಿದ್ದು ಸುಮಾರು 530. ಆದರೆ ಹಾರ್ಟ್ಲಿ 2 ಎಂಬ ಧೂಮಕೇತುವಿನಲ್ಲಿ ಬರೀ 161! 67ಪಿಯ ಲೆಕ್ಕವನ್ನೂ 2024ರಲ್ಲಿ ಮತ್ತೆ ಪರಿಶೀಲಿಸಿದವರು, ನೌಕೆಯ ಸುತ್ತಲಿದ್ದ ದೂಳಿನಿಂದಾಗಿ ಆ ಸಂಖ್ಯೆ ಏರಿತ್ತು ಎಂದರು. ಹಾಗಾಗಿ ಇದೊಂದನ್ನೇ ನಂಬಿ ಧೂಮಕೇತುಗಳನ್ನು ತಳ್ಳಿಹಾಕುವಂತಿಲ್ಲ.

ಅವನ್ನು ನಿಜವಾಗಿ ಕಟ್ಟಿಹಾಕುವುದು ಆರ್ಗಾನ್. 67ಪಿಯಿಂದ ನೀರಾವಿಯ ಜೊತೆ ಈ ಅನಿಲವೂ ಹೊರಬರುತ್ತಿತ್ತು. ಕಡಲು ತುಂಬುವಷ್ಟು ನೀರನ್ನು ಅಂಥ ಧೂಮಕೇತುಗಳೇ ತಂದಿದ್ದರೆ, ನಮ್ಮ ಗಾಳಿಯಲ್ಲಿ ಅವು ತರುವ ಬಗೆಯ ಆರ್ಗಾನ್ ಈಗಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರಬೇಕಿತ್ತು. ಇಲ್ಲವಲ್ಲ. ಹಾಗಾಗಿ ಅವುಗಳ ಪಾಲು ನೂರಕ್ಕೆ ಒಂದರ ಆಸುಪಾಸು, ಅಷ್ಟೇ.

ಇಂಗಾಲ ಹೆಚ್ಚಿರುವ ಕ್ಷುದ್ರಗ್ರಹಗಳ ಡ್ಯುಟೀರಿಯಂ ನಮ್ಮ ಕಡಲಿಗೆ ಚೆನ್ನಾಗಿಯೇ ಹೊಂದುತ್ತದೆ, ನೀರೂ ಧಾರಾಳ. ತೊಡಕು ಬೇರೆ ಕಡೆ ಇದೆ. ಭೂಮಿಯ ಆಮ್ಲಜನಕದ ಐಸೊಟೋಪುಗಳು, ಅಂದರೆ ಬೇರೆ ಬೇರೆ ತೂಕದ ಪರಮಾಣುಗಳು, ಅವುಗಳನ್ನು ಹೋಲುವುದಿಲ್ಲ. ಎನ್‌ಸ್ಟಟೈಟ್ ಕಾಂಡ್ರೈಟ್ ಎಂಬ ಉಲ್ಕಾಶಿಲೆಗಳನ್ನು ಹೋಲುತ್ತವೆ. ಇವು ಸೂರ್ಯನ ಹತ್ತಿರ, ಬಿಸಿಯಲ್ಲಿ ಹುಟ್ಟಿದವು. ಹಾಗಾಗಿ ಒಣಕಲ್ಲು ಎಂದೇ ಎಲ್ಲರೂ ನಂಬಿದ್ದರು. 2020ರಲ್ಲಿ ಫ್ರಾನ್ಸಿನ ಲೋರೆಟ್ ಪಿಯಾನಿ ತಂಡ ಇಂಥ 13 ಕಲ್ಲುಗಳನ್ನು ಅಳೆಯಿತು. ಭೂಮಿ ಪೂರ್ತಿ ಇಂಥ ಕಲ್ಲಿನಿಂದಲೇ ಆಗಿದ್ದರೆ, ಈಗಿನ ಕಡಲ ನೀರಿನ ಕನಿಷ್ಠ ಮೂರು ಪಟ್ಟಿಗಾಗುವಷ್ಟು ಹೈಡ್ರೋಜನ್ ಅದರಲ್ಲೇ ಇತ್ತು!

ಆದರೆ ಕಲ್ಲು ಭೂಮಿಗೆ ಬಿದ್ದ ಮೇಲೆ ಇಲ್ಲಿನ ತೇವವನ್ನೇ ಹೀರಿಕೊಂಡಿದ್ದರೆ? ನ್ಯಾಯವಾದ ಅನುಮಾನ. ಆಕ್ಸ್‌ಫರ್ಡ್‌ನವರು ಇದಕ್ಕಾಗಿ ಅಂಟಾರ್ಕ್ಟಿಕಾದಲ್ಲಿ ಸಿಕ್ಕ ಒಂದು ತುಣುಕನ್ನು ಎಕ್ಸ್-ರೇಯಲ್ಲಿ ನೋಡಿದರು. ಹೊರಗಿನ ತೇವ ಹೊಕ್ಕಿದ್ದರೆ ಬಿರುಕುಗಳಲ್ಲಿ, ತುಕ್ಕು ಹಿಡಿದ ಜಾಗದಲ್ಲಿ ಹೈಡ್ರೋಜನ್ ಹೆಚ್ಚಿರಬೇಕಿತ್ತು. ಅಲ್ಲಿ ಸಿಕ್ಕಿದ್ದು ತೀರ ಕಡಿಮೆ. ಕಲ್ಲಿನ ತೀರ ಸಣ್ಣ ಕಣಗಳ ಒಡಲಲ್ಲಿ, ಗಂಧಕಕ್ಕೆ ಅಂಟಿಕೊಂಡು ಜಾಸ್ತಿ ಇತ್ತು. ಅಂದರೆ ಅದು ಹುಟ್ಟಿನಿಂದಲೇ ಬಂದದ್ದು.

ಹಾಗಂತ ಕಲ್ಲಿನ ಹೈಡ್ರೋಜನ್ ಒಂದೇ ಸಾಕು ಎನ್ನಲಾರೆ. ಅದರ ಡ್ಯುಟೀರಿಯಂ ಕಡಲಿಗಿಂತ ಸ್ವಲ್ಪ ಕಡಿಮೆ, ಭೂಮಿಯ ಆಳದ ಕಲ್ಲಿನಲ್ಲಿರುವ ನೀರಿಗೆ ಹತ್ತಿರ. ಆ ಕೊರತೆ ತುಂಬಲು ಕ್ಷುದ್ರಗ್ರಹಗಳ ನೀರು ಒಂದಿಷ್ಟು ಸೇರಿರಬೇಕು. ಪಿಯಾನಿ ತಂಡದ ಅಂದಾಜಿನಲ್ಲೂ ಕಡಲಿನ ನೀರಿಗೆ ಇಂಥ ಪಾಲೊಂದು ಇದೆ. ಮಗಳ ಪುಸ್ತಕ ಪೂರ್ತಿ ತಪ್ಪಲ್ಲ.