ಸಬ್ಸಿಡಿ ಬೇರೆ ಖಾತೆಗೆ ಹೋಗಿರಬಹುದು

ಪ್ರಶ್ನೆ: ಅಮ್ಮನ ಉಜ್ವಲ ಗ್ಯಾಸ್ ಸಬ್ಸಿಡಿ ಲಿಂಕ್ ಮಾಡಿದ ಖಾತೆಗೆ ಬರ್ತಿಲ್ಲ. ಏಜೆನ್ಸಿಯವರು ‘ಹೋಗಿದೆ’ ಅಂತಾರೆ. ಯಾಕೆ?

ಹಣ ಬಹುಶಃ ನಿಮ್ಮಮ್ಮನ ಇನ್ನೊಂದು ಖಾತೆಗೆ ಹೋಗಿದೆ. ಸಬ್ಸಿಡಿ ಸಾಮಾನ್ಯವಾಗಿ ಆಧಾರ್ ಸಂಖ್ಯೆ ಹಿಡಿದು ಹೋಗುತ್ತದೆ, ಏಜೆನ್ಸಿಗೆ ಕೊಟ್ಟ ಖಾತೆ ಸಂಖ್ಯೆ ನೋಡಿ ಅಲ್ಲ. ಆಧಾರ್ ಎಷ್ಟು ಬ್ಯಾಂಕಿಗೆ ಕೊಟ್ಟಿದ್ದರೂ ಸರ್ಕಾರದ ಹಣಕ್ಕೆ ಜೋಡಣೆಯಾಗಿರುವುದು ಒಂದೇ ಬ್ಯಾಂಕು, ಕೊನೆಯದಾಗಿ ಜೋಡಿಸಿದ್ದು.

ಯಾದಗಿರಿ ಹತ್ತಿರದ ನಮ್ಮ ಅತ್ತೆಗೂ ಹೀಗೇ ಆಗಿತ್ತು. ಸಂಘದ ಸಾಲಕ್ಕೆಂದು ಹೊಸ ಖಾತೆ ತೆರೆದಾಗ ಆಧಾರ್ ಅಲ್ಲಿಗೆ ಜೋಡಣೆಯಾಗಿತ್ತು. ಸುಮ್ನೆ ನಾಲ್ಕು ಸಲ ಏಜೆನ್ಸಿಗೆ ಅಲೆದರು. ಆ ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ ಸಿಲಿಂಡರಿಗೆ 300 ರೂಪಾಯಿಯಂತೆ ಎಲ್ಲಾ ಅಲ್ಲೇ ಇತ್ತು!

ಮೊದಲು myAadhaar ತಾಣದ Bank Seeding Status ನೋಡಿ. ಆಧಾರ್‌ಗೆ ಕೊಟ್ಟ ಮೊಬೈಲಿಗೆ ಒಟಿಪಿ ಬರುತ್ತದೆ. ಬ್ಯಾಂಕಿನ ಹೆಸರು ಬೇರೆ ಇದ್ದರೆ, ನಿಮಗೆ ಬೇಕಾದ ಬ್ಯಾಂಕಿಗೆ ಹೋಗಿ ಆಧಾರ್ ಜೋಡಣೆಯ ಒಪ್ಪಿಗೆ ಫಾರ್ಮ್ ಕೊಡಿ. ಇದನ್ನು ಏಜೆನ್ಸಿ ಬದಲಿಸಲಾಗದು. ಈಗಾಗಲೇ ಬಂದ ಹಣ ಹಳೆಯ ಜಾಗದಲ್ಲೇ ಇರುತ್ತದೆ, ಅಲ್ಲೇ ತೆಗೆದುಕೊಳ್ಳಿ.

ಬ್ಯಾಂಕು ಸರಿಯಿದ್ದೂ ಹಣ ಇಲ್ಲವೇ? ಆಗ ಏಜೆನ್ಸಿಗೆ ಗ್ರಾಹಕ ಸಂಖ್ಯೆ, ಸಿಲಿಂಡರ್ ಬಂದ ದಿನಾಂಕ ಬರೆದು ದೂರು ಕೊಡಿ. ಇ-ಕೆವೈಸಿ ಬಾಕಿಯಿದೆಯಾ ಅಂತಲೂ ಕೇಳಿ. ಪರಿಹಾರ ಸಿಗದಿದ್ದರೆ 1800-2333-555ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.