ರೇಡಿಯೇಷನ್ ಕೋಣೆಗೆ ಹೋಗುವ ಮುಂಚಿನ ಆ ಒಂದು ಸಿಗರೇಟು

ಗುರುತು ಸಿಗಬಾರದೆಂದು ವಯಸ್ಸು, ಕೆಲಸ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಅವರನ್ನು ಮೇಷ್ಟ್ರು ಎಂದು ಕರೆಯುತ್ತೇನೆ. ವಯಸ್ಸು 53. ಮೂರು ತಿಂಗಳಿಂದ ಗಂಟಲು ಒಡೆದಿತ್ತು, ಪಾಠ ಮಾಡಿ ಮಾಡಿ ಹೀಗಾಗಿದೆ ಎಂದುಕೊಂಡಿದ್ದರು. ಕೊನೆಗೆ ಧ್ವನಿತಂತುವಿನ ಮೇಲೆ ಕ್ಯಾನ್ಸರ್ ಎಂದು ಗೊತ್ತಾಯಿತು. ಆರಂಭದ ಹಂತವಾದ್ದರಿಂದ ಆಪರೇಷನ್ ಬೇಡ, ರೇಡಿಯೇಷನ್ ಸಾಕು ಎಂದು ವೈದ್ಯರು ನಿರ್ಧರಿಸಿದ್ದರು. ವಾರಕ್ಕೆ 5 ದಿನದಂತೆ ಒಟ್ಟು 33 ಬಾರಿ. ಸಿಗರೇಟು ಬಿಡಲು ನೆರವಾಗುವ ಸಲಹೆಗಾರ್ತಿಯಾದ ನನ್ನ ಹತ್ತಿರ ಕಳಿಸುವ ಹೊತ್ತಿಗೆ 7 ಮುಗಿದಿದ್ದವು. ಕಳಿಸಿದ್ದು ವೈದ್ಯರಲ್ಲ, ರೇಡಿಯೇಷನ್ ಯಂತ್ರ ನಡೆಸುವ ತಂತ್ರಜ್ಞೆ. "ದಿನಾ ಟೇಬಲ್ ಮೇಲೆ ಮಲಗಿಸುವಾಗ ಹೊಗೆಯ ವಾಸನೆ ಬರುತ್ತೆ ಮೇಡಂ, ಸ್ವಲ್ಪ ಮಾತಾಡಿ ನೋಡಿ" ಎಂದಿದ್ದರು.

ಮೇಷ್ಟ್ರ ಜೊತೆ ಅವರ ಹೆಂಡತಿಯೂ ಬಂದಿದ್ದರು. ಕೂತ ತಕ್ಷಣ ಆಕೆಯೇ ಶುರು ಮಾಡಿದರು: "ದಿನಕ್ಕೆ 20 ಸೇದ್ತಿದ್ರು. ಈಗ ಎರಡು ಮೂರಕ್ಕೆ ಇಳಿಸಿದೀನಿ ಅಂತಾರೆ. ಇವರಿಗೆ ಬುದ್ಧಿ ಹೇಳಿ." ಮೇಷ್ಟ್ರು ತಲೆ ತಗ್ಗಿಸಿದರು. ಮನೆಯವರ ಎದುರು ತಪ್ಪೊಪ್ಪಿಗೆ ಮಾಡಿಸುವುದು ನನ್ನ ಕೆಲಸವಲ್ಲ. ಹಾಗೆ ಮಾಡಿದರೆ ಮರುದಿನದಿಂದ ಸುಳ್ಳು ಶುರುವಾಗುತ್ತದೆ, ಅಷ್ಟೇ. ಆಕೆಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಂಡೆ.

"ಇವತ್ತು ಕೊನೆಯದಾಗಿ ಯಾವಾಗ ಸೇದಿದ್ರಿ ಸರ್?" ಎಂದೆ.

"ಈಗ ತಾನೇ. ಗೇಟಿನ ಹತ್ತಿರ." ದನಿ ಪಿಸುಮಾತಿನಷ್ಟೇ ಇತ್ತು. "ಒಳಗೆ ಹೋಗೋಕೆ ಮುಂಚೆ ಒಂದು ಬೇಕೇ ಬೇಕು. ಆ ಮಾಸ್ಕ್ ಹಾಕಿ ಟೇಬಲ್‌ಗೆ ಬಿಗಿತಾರಲ್ಲ, ಆಗ ಉಸಿರು ಕಟ್ಟಿದ ಹಾಗಾಗುತ್ತೆ. ಒಂದು ಎಳೆದು ಹೋದ್ರೆ ತಡ್ಕೋಬಹುದು."

ಇದು ಚಟದ ಮಾತು ಮಾತ್ರ ಅಲ್ಲ, ಭಯದ ಮಾತು. ಗಂಟಲಿಗೆ ರೇಡಿಯೇಷನ್ ಕೊಡುವಾಗ ತಲೆ, ಕುತ್ತಿಗೆ ಒಂದು ಕೂದಲೆಳೆಯಷ್ಟೂ ಅಲುಗಬಾರದೆಂದು ಬಿಸಿನೀರಲ್ಲಿ ಮೆತ್ತಗೆ ಮಾಡಿದ ಪ್ಲಾಸ್ಟಿಕ್ ಬಲೆಯನ್ನು ಮುಖದ ಅಚ್ಚಿಗೆ ತಕ್ಕಂತೆ ಮಾಡಿ, ಅದನ್ನು ಟೇಬಲ್‌ಗೆ ಸಿಕ್ಕಿಸುತ್ತಾರೆ. ಹತ್ತು ನಿಮಿಷ ಅದರೊಳಗೆ ಒಬ್ಬರೇ ಮಲಗಿರಬೇಕು. ಮೇಷ್ಟ್ರು ಆ ಹತ್ತು ನಿಮಿಷಕ್ಕೆ ತಾವೇ ಕಂಡುಕೊಂಡ ಔಷಧಿ ಸಿಗರೇಟು. ದುರದೃಷ್ಟಕ್ಕೆ, ದಿನದ 24 ಗಂಟೆಯಲ್ಲಿ ಸೇದಲೇಬಾರದ ಹೊತ್ತೆಂದು ಒಂದನ್ನು ಆರಿಸಿದರೆ ಅದು ಇದೇ.

ಮೇಜಿನ ಮೇಲೆ ಉಸಿರು ಅಳೆಯುವ ಚಿಕ್ಕ ಯಂತ್ರವಿತ್ತು. 15 ಸೆಕೆಂಡು ಉಸಿರು ಹಿಡಿದು ನಿಧಾನವಾಗಿ ಊದಿದರೆ, ಉಸಿರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಷ್ಟೆಂದು ತೋರಿಸುತ್ತದೆ. ಸೇದದವರಲ್ಲಿ ಸಾಮಾನ್ಯವಾಗಿ 6ಕ್ಕಿಂತ ಕಡಿಮೆ ಬರುತ್ತದೆ. ಮೇಷ್ಟ್ರು ಊದಿದಾಗ 24 ಬಂತು. "ಬರೀ ಎರಡು ಮೂರು ಸೇದೋನಿಗೆ ಇಷ್ಟಾ?" ಎಂದು ಅವರೇ ಬೆರಗಾದರು. ಅವರು ಸುಳ್ಳು ಹೇಳುತ್ತಿದ್ದರೆಂದು ನನಗೆ ಅನಿಸಲಿಲ್ಲ. ಲೆಕ್ಕ ಕಡಿಮೆ ಮಾಡಿದವರು ಗೊತ್ತಿಲ್ಲದೆಯೇ ಒಂದೊಂದನ್ನೂ ಆಳವಾಗಿ, ಫಿಲ್ಟರಿನ ತನಕ ಎಳೆಯುತ್ತಾರೆ. ದೇಹ ತನಗೆ ಬೇಕಾದ ನಿಕೋಟಿನ್ ಅನ್ನು ವಸೂಲು ಮಾಡಿಕೊಳ್ಳುತ್ತದೆ, ಅದರ ಜೊತೆ ಈ ಅನಿಲವೂ ಒಳಗೆ ಹೋಗುತ್ತದೆ. ಅದಕ್ಕೇ "ಕಡಿಮೆ ಮಾಡಿದ್ದೇನೆ" ಎನ್ನುವುದನ್ನು ಚಿಕಿತ್ಸೆಯ ಲೆಕ್ಕದಲ್ಲಿ ನಾನು ನೆಚ್ಚುವುದಿಲ್ಲ.

ಅವರು ವಿಜ್ಞಾನದ ಮೇಷ್ಟ್ರು, ಹಾಗಾಗಿ ಕಾರಣವನ್ನು ಬಿಡಿಸಿಯೇ ಹೇಳಿದೆ. ರೇಡಿಯೇಷನ್ ಕಿರಣ ಕ್ಯಾನ್ಸರ್ ಕೋಶದೊಳಗಿನ ಡಿಎನ್‌ಎ ಎಳೆಯನ್ನು ಕಡಿಯುತ್ತದೆ. ಆ ಹೊತ್ತಿಗೆ ಅಲ್ಲಿ ಆಮ್ಲಜನಕ ಇದ್ದರೆ ಕಡಿತ ಖಾಯಂ ಆಗುತ್ತದೆ. ಇಲ್ಲದಿದ್ದರೆ ಕೋಶ ಅದನ್ನು ಹೊಲಿದುಕೊಂಡು ಬದುಕಿಬಿಡುತ್ತದೆ. ಆಮ್ಲಜನಕವೇ ಇಲ್ಲದ ಕೋಶವನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ಹೆಚ್ಚು ವಿಕಿರಣ ಬೇಕು. ಗಡ್ಡೆಯ ಒಳಭಾಗದಲ್ಲಿ ರಕ್ತ ಸರಿಯಾಗಿ ಹರಿಯದೆ ಮೊದಲೇ ಆಮ್ಲಜನಕಕ್ಕೆ ಬರ ಇರುತ್ತದೆ. ಅದರ ಮೇಲೆ ಸಿಗರೇಟಿನ ಕಾರ್ಬನ್ ಮಾನಾಕ್ಸೈಡ್ ಬಂದು, ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಂಡು ಕೂರುತ್ತದೆ. ಬಸ್ಸು ಬರುತ್ತದೆ, ಸೀಟೆಲ್ಲ ಭರ್ತಿ. ಒಂದು ಸಿಗರೇಟು ಗಡ್ಡೆಯನ್ನು ಮೂರು ಪಟ್ಟು ಗಟ್ಟಿ ಮಾಡುತ್ತದೆ ಎಂದು ಇದರ ಅರ್ಥವಲ್ಲ. ಆಮ್ಲಜನಕ ಸಾಕೋ ಸಾಲದೋ ಎಂಬ ಅಂಚಿನಲ್ಲಿರುವ ಕೋಶಗಳು ಬದುಕುಳಿಯುವ ಕಡೆಗೆ ವಾಲುತ್ತವೆ. ಚಿಕಿತ್ಸೆಯ ಗುರಿ ಒಂದೂ ಕೋಶ ಉಳಿಯಬಾರದು ಎಂಬುದಾದ್ದರಿಂದ ಅಷ್ಟೇ ಸಾಕು ಕೆಡಲು.

ಸಮಾಧಾನದ ವಿಷಯವೂ ಇದರಲ್ಲೇ ಇದೆ. ನಾಲ್ಕೈದು ಗಂಟೆಗೆ ಆ ಅನಿಲ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ. ಒಂದು ದಿನ ಬಿಟ್ಟರೆ ಹೆಚ್ಚುಕಡಿಮೆ ಖಾಲಿ. ಮೇಷ್ಟ್ರಿಗೆ ಇನ್ನೂ 26 ಬಾರಿ ಬಾಕಿ ಇತ್ತು.

"ಆಗೋದು ಆಗಿಹೋಗಿದೆ, ಈಗ ಬಿಟ್ಟರೆ ಏನು ಬಂತು ಅಂದ್ಕೊಂಡಿದ್ದೆ" ಎಂದರು. ಈ ಮಾತನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ, ಪ್ರತಿ ಸಲವೂ ಸಂಕಟವಾಗುತ್ತದೆ. 1993ರಲ್ಲಿ ಕೆನಡಾದ ವೈದ್ಯರು ಪ್ರಕಟಿಸಿದ ಅಧ್ಯಯನವೊಂದನ್ನು ಅವರಿಗೆ ಹೇಳಿದೆ. ತಲೆ ಮತ್ತು ಕುತ್ತಿಗೆಯ ಮುಂದುವರಿದ ಕ್ಯಾನ್ಸರಿಗೆ ರೇಡಿಯೇಷನ್ ಪಡೆದ 115 ಜನ. ಚಿಕಿತ್ಸೆಯ ಉದ್ದಕ್ಕೂ ಸೇದಿದವರಲ್ಲಿ 100ಕ್ಕೆ 45 ಜನರ ಗಡ್ಡೆ ಪೂರ್ತಿ ಕರಗಿತು. ಸೇದದವರು ಮತ್ತು ಮೊದಲೇ ಬಿಟ್ಟವರಲ್ಲಿ 74. ಎರಡು ವರ್ಷದ ನಂತರ ಬದುಕಿದ್ದವರು ಒಂದು ಕಡೆ 39, ಇನ್ನೊಂದು ಕಡೆ 66. ಮೇಷ್ಟ್ರ ಕಾಯಿಲೆ ಇನ್ನೂ ಮೊದಲ ಹಂತದಲ್ಲಿತ್ತು, ಹಾಗಾಗಿ ಈ ಅಂಕಿಗಳು ಅವರಿಗೆ ನೇರವಾಗಿ ಹೊಂದುವುದಿಲ್ಲ. ಬಿಟ್ಟವರು ಬೇರೆ ವಿಷಯಗಳಲ್ಲೂ ಆರೋಗ್ಯವಂತರಿದ್ದಿರಬಹುದು ಎಂಬ ಅನುಮಾನವನ್ನೂ ತಳ್ಳಿಹಾಕಲಾಗದು. ಇದನ್ನೂ ಅವರಿಗೆ ಮುಚ್ಚಿಡಲಿಲ್ಲ. ಆದರೂ ಅಂತರ ಇಷ್ಟು ದೊಡ್ಡದಾಗಿರುವಾಗ ಮುಂದಿನ 26 ದಿನಗಳನ್ನು ಯಾವ ಕಡೆ ಇಡುತ್ತೀರಿ ಎಂದು ಕೇಳಿದೆ. ಇನ್ನೊಂದು ಮಾತನ್ನೂ ಹೇಳಬೇಕಿತ್ತು: ಒಮ್ಮೆ ಪೂರ್ತಿ ಪ್ರಮಾಣ ಕೊಟ್ಟ ಜಾಗಕ್ಕೆ ಮತ್ತೆ ಅಷ್ಟೇ ರೇಡಿಯೇಷನ್ ಕೊಡುವುದು ಕಷ್ಟ. ಕಾಯಿಲೆ ಮರುಕಳಿಸಿದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಿ ಬರಬಹುದು. ಪಾಠ ಹೇಳುವವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಸಲಹೆ ಎರಡು ಭಾಗವಾಗಿತ್ತು. ಮೊದಲನೆಯದು ಮಾಸ್ಕಿನ ಭಯಕ್ಕೆ. ತಂತ್ರಜ್ಞೆಯ ಜೊತೆ ಮಾತಾಡಿ, ಕಣ್ಣಿನ ಜಾಗದಲ್ಲಿ ಬಲೆ ಕತ್ತರಿಸಲು ವೈದ್ಯರ ಒಪ್ಪಿಗೆ ಪಡೆದೆವು. ತಡೆಯಲಾಗದಿದ್ದರೆ ಕೈ ಎತ್ತಬೇಕು, ಕ್ಯಾಮೆರಾದಲ್ಲಿ ಕಂಡ ಕೂಡಲೇ ಯಂತ್ರ ನಿಲ್ಲಿಸುತ್ತಾರೆ ಎಂದು ಅವರ ಎದುರೇ ಒಮ್ಮೆ ಮಾಡಿ ತೋರಿಸಿದರು. ನಾಲ್ಕು ಎಣಿಸುತ್ತ ಉಸಿರು ತೆಗೆದು ಆರು ಎಣಿಸುತ್ತ ಬಿಡುವುದನ್ನು ನನ್ನ ಕೋಣೆಯಲ್ಲೇ ಅಭ್ಯಾಸ ಮಾಡಿದರು. ಗೇಟಿನ ದಾರಿ ಬಿಟ್ಟು ಪಕ್ಕದ ಬಾಗಿಲಿಂದ ಬರುವುದೆಂದೂ ಆಯಿತು.

ಎರಡನೆಯದು ನಿಕೋಟಿನ್ ಪ್ಯಾಚ್, ಅಂದರೆ ಚರ್ಮದ ಮೂಲಕ ನಿಕೋಟಿನ್ ಅನ್ನು ನಿಧಾನವಾಗಿ ಒಳಗೆ ಬಿಡುವ ಅಂಟುಪಟ್ಟಿ. ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ ಅವಲಂಬನೆ ಜಾಸ್ತಿ, ಬರೀ ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದರೆ ಸಾಲದು. ಅಗಿಯುವ ನಿಕೋಟಿನ್ ಗಮ್ ಕೊಡಬಹುದಿತ್ತು, ಆದರೆ ಮೂರನೇ ವಾರದ ಹೊತ್ತಿಗೆ ರೇಡಿಯೇಷನ್ನಿಂದ ಗಂಟಲು ಹುಣ್ಣಾಗುತ್ತದೆ, ಗಮ್ಮಿನ ಖಾರ ಅದನ್ನು ಕೆರಳಿಸುತ್ತದೆ. ವೈದ್ಯರು 21 ಮಿಲಿಗ್ರಾಂ ಪ್ಯಾಚ್ 6 ವಾರ, ಆಮೇಲೆ 14ರದು 2 ವಾರ, 7ರದು 2 ವಾರ ಎಂದು ಬರೆದರು. ತೋಳಿನ ಮೇಲೆ, ದಿನಕ್ಕೊಂದು ಜಾಗ ಬದಲಿಸಿ. ಕಿರಣ ಬೀಳುವ ಕುತ್ತಿಗೆಯ ಹತ್ತಿರ ಬೇಡ. "ನಿಕೋಟಿನ್ನೇ ಅಲ್ವಾ ವಿಷ?" ಎಂದು ಹೆಂಡತಿ ಕೇಳಿದರು. ಚಟ ಹಿಡಿಸುವುದು ನಿಕೋಟಿನ್. ಆದರೆ ಆಮ್ಲಜನಕ ಕಸಿಯುವ ಅನಿಲ, ಕ್ಯಾನ್ಸರ್ ತರುವ ಟಾರು ಎರಡೂ ಹೊಗೆಯಲ್ಲಿವೆ, ಪ್ಯಾಚಿನಲ್ಲಿಲ್ಲ ಎಂದೆ. ಇನ್ನು ಮುಂದೆ ಮನೆಯಲ್ಲಿ ಅವರ ಬಾಯಿ ಮೂಸಿ ನೋಡಬೇಡಿ ಎಂದೂ ಆಕೆಯನ್ನು ಕೇಳಿಕೊಂಡೆ.

ಎರಡು ದಿನಕ್ಕೆ ಯಂತ್ರ 5 ತೋರಿಸಿತು. ಮೊದಲ ಮೂರು ದಿನ ಸಿಡುಕು, ನಿದ್ದೆಗೇಡು. ಆಮೇಲೆ ಹಗುರಾಯಿತು.

ನಾಲ್ಕನೇ ವಾರದ ಸೋಮವಾರ ಅಳತೆ 3 ಇತ್ತು. ನಾನು ಭೇಷ್ ಎನ್ನುವಷ್ಟರಲ್ಲಿ ಮೇಷ್ಟ್ರು ಕೈ ಅಡ್ಡ ಮಾಡಿದರು. "ಶನಿವಾರ ರಾತ್ರಿ ಸ್ವರ ಪೂರ್ತಿ ನಿಂತುಹೋಯ್ತು. ಹೆದರಿ ಒಂದು ಸೇದಿದೆ. ಪ್ಯಾಚ್ ಇರುವಾಗ ಸೇದಿದ್ರೆ ಅಪಾಯ ಅಂತ ಕಿತ್ತುಹಾಕಿದೆ. ನಿನ್ನೆ ಹಾಕಿಲ್ಲ." ಆ ಯಂತ್ರಕ್ಕೆ ಹಿಂದಿನ ಒಂದು ದಿನದ ಸಂಗತಿ ಮಾತ್ರ ಗೊತ್ತು, ಅದರಾಚೆಯದು ರೋಗಿ ಬಾಯಿಬಿಟ್ಟರಷ್ಟೇ ತಿಳಿಯುತ್ತದೆ. ಅವರು ಬಾಯಿಬಿಟ್ಟದ್ದು ನನಗೆ ಅಂದಿನ ದೊಡ್ಡ ಸಂತೋಷ. ತಪ್ಪಾದದ್ದು ಪ್ಯಾಚ್ ಕಿತ್ತದ್ದು. ಜಾರಿದಾಗ ಪ್ಯಾಚ್ ತೆಗೆದರೆ ಮರುದಿನದ ಹಂಬಲಕ್ಕೆ ತಡೆಯೇ ಇರುವುದಿಲ್ಲ. ಸಿಗರೇಟನ್ನು ಆರಿಸಿ ಪ್ಯಾಚ್ ಉಳಿಸಿಕೊಳ್ಳಬೇಕು. ಈ ಹಂತದಲ್ಲಿ ಸ್ವರ ಕೂರುವುದು ರೇಡಿಯೇಷನ್ನಿನ ಊತದಿಂದ ಎಂದು ವೈದ್ಯರು ಅವರಿಗೆ ತಿಳಿಸಿದರು. ಇದನ್ನು ಮೊದಲ ದಿನವೇ ಹೇಳಬೇಕಿತ್ತು, ಆ ಕೊರತೆ ನನ್ನದು. ಅಂದಿನಿಂದ ಗಂಟಲ ಚಿಕಿತ್ಸೆಗೆ ಬರುವ ಎಲ್ಲರಿಗೂ ಹೇಳುತ್ತಿದ್ದೇನೆ.

33 ಮುಗಿದು ಆರು ವಾರದ ಮೇಲೆ ವೈದ್ಯರು ಕೊಳವೆ ಹಾಕಿ ನೋಡಿದರು. ತಂತು ಶುಭ್ರವಾಗಿತ್ತು. ಮೇಷ್ಟ್ರ ಪ್ಯಾಚ್ ಮುಗಿದು ಒಂದು ವಾರವಾಗಿತ್ತು. ಸ್ವರ ಒರಟಾಗಿದ್ದರೂ ಕೇಳುವಂತಿತ್ತು. ಆ ಸ್ವರದಲ್ಲೇ ಕೇಳಿದರು: "ಗಡ್ಡೆ ಹೋಯ್ತಲ್ಲ ಮೇಡಂ. ಇನ್ನು ಅಪರೂಪಕ್ಕೆ ಒಂದು..."

ಗಡ್ಡೆ ಹೋದದ್ದು ಒಂದು ತಂತುವಿನಿಂದ. ಆದರೆ 30 ವರ್ಷ ಒಳಗೆ ಹೋದ ಹೊಗೆ ಆ ತಂತುವನ್ನು ಮಾತ್ರ ಮುಟ್ಟಿಲ್ಲ. ಬಾಯಿ, ಗಂಟಲು, ಶ್ವಾಸಕೋಶದ ಒಳಪದರವನ್ನೆಲ್ಲ ಸವರಿಕೊಂಡು ಹೋಗಿದೆ, ರಕ್ತಕ್ಕಿಳಿದು ಮೂತ್ರಕೋಶದ ತನಕ ತಲುಪಿದೆ. ರೋಗ ಬಿದ್ದ ಗದ್ದೆಯಲ್ಲಿ ಒಂದು ಪೈರು ಒಣಗಿದ್ದು ಮೊದಲು ಕಣ್ಣಿಗೆ ಬೀಳುತ್ತದೆ, ಅದನ್ನು ಕಿತ್ತರೆ ಗದ್ದೆ ಗುಣವಾದಂತಲ್ಲ. ವೈದ್ಯರೂ ಇದಕ್ಕೆ ಕ್ಷೇತ್ರ ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ. ಆರಂಭದಲ್ಲೇ ಸಿಕ್ಕ ಧ್ವನಿತಂತುವಿನ ಕ್ಯಾನ್ಸರ್ ಬಹುತೇಕ ಗುಣವಾಗುತ್ತದೆ. ಹಾಗೆ ಗುಣವಾದವರಿಗೆ ಮುಂದಿನ ವರ್ಷಗಳಲ್ಲಿ ದೊಡ್ಡ ಅಪಾಯ ಹಳೆಯ ಗಡ್ಡೆಗಿಂತ ಹೊಸದಾಗಿ ಹುಟ್ಟುವ ಎರಡನೇ ಕ್ಯಾನ್ಸರ್, ಅದರಲ್ಲೂ ಶ್ವಾಸಕೋಶದ್ದು. ಅಮೆರಿಕ ಸರ್ಕಾರದ ಉನ್ನತ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ ಅವರ 2014ರ ವರದಿಯಲ್ಲಿ, ಕ್ಯಾನ್ಸರ್ ರೋಗಿ ಸೇದುವುದನ್ನು ಮುಂದುವರಿಸಿದರೆ ಎರಡನೇ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ ಎಂದು ಸ್ಪಷ್ಟವಾಗಿಯೇ ಹೇಳಲಾಗಿದೆ.

ಬಿಟ್ಟ ಮರುದಿನವೇ ಈ ಅಪಾಯ ಮಾಯವಾಗುವುದಿಲ್ಲ. ರಕ್ತದ ಅನಿಲ ಒಂದು ದಿನದಲ್ಲಿ ಹೋಗುತ್ತದೆ, ಕೋಶಗಳಲ್ಲಿ ಆದ ಗಾಯ ಮಾಯಲು ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ. ಬಿಟ್ಟವರಲ್ಲಿ ಸಾಮಾನ್ಯವಾಗಿ ಬಾಯಿ, ಗಂಟಲ ಕ್ಯಾನ್ಸರಿನ ಅಪಾಯ 5ರಿಂದ 10 ವರ್ಷದಲ್ಲಿ, ಶ್ವಾಸಕೋಶದ್ದು 10ರಿಂದ 15 ವರ್ಷದಲ್ಲಿ ಅರ್ಧಕ್ಕಿಳಿಯುತ್ತದೆ. ಹೊಸ ಗಾಯ ಆಗದಿದ್ದರೆ ಮಾತ್ರ ಈ ಲೆಕ್ಕ ಇಳಿಯುತ್ತಾ ಹೋಗುತ್ತದೆ. "ಅಪರೂಪಕ್ಕೆ ಒಂದು" ಎನ್ನುವುದು 20ರ ಚಟವಿದ್ದವರಿಗೆ ಎಷ್ಟು ದಿನ ಅಪರೂಪವಾಗಿ ಉಳಿಯುತ್ತದೆ ಎಂಬುದೂ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಆ ಕೇಳಿಕೆಯನ್ನು ನಾನು ಪ್ಯಾಚ್ ಬೇಗ ಮುಗಿದದ್ದರ ಸೂಚನೆ ಎಂದು ತೆಗೆದುಕೊಂಡೆ. ಚೀಟಿಯಲ್ಲಿ 10 ವಾರ ಎಂದಿದ್ದರೆ ಅಲ್ಲಿಗೇ ನಿಲ್ಲಿಸಬೇಕೆಂದೇನಿಲ್ಲ. ವೈದ್ಯರ ಹತ್ತಿರ ಮಾತಾಡಿ 7 ಮಿಲಿಗ್ರಾಂ ಪ್ಯಾಚನ್ನು ಇನ್ನೂ 6 ವಾರಕ್ಕೆ ಬರೆಸಿದೆ. ಕೆಮ್ಮಿನಲ್ಲಿ ರಕ್ತ, ಮೂರು ವಾರಕ್ಕೂ ಮಾಯದ ಬಾಯಿಹುಣ್ಣು, ಸುಧಾರಿಸಿದ ಸ್ವರ ಮತ್ತೆ ಕೆಡುವುದು, ಮೂತ್ರದಲ್ಲಿ ರಕ್ತ ಇವುಗಳಲ್ಲಿ ಯಾವುದು ಕಂಡರೂ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಬನ್ನಿ ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಮೇಷ್ಟ್ರು ಅದನ್ನು ಓದಿ, "ಮಾಯದ" ಎಂಬಲ್ಲಿ ನಾನು ಬಿಟ್ಟಿದ್ದ ಒಂದು ಅಕ್ಷರವನ್ನು ಪೆನ್ನಿನಿಂದ ತಿದ್ದಿ, ಮಡಚಿ ಜೇಬಿಗಿಟ್ಟುಕೊಂಡರು.